ನರಿ ಹುಲಿಯಾಗುವ ಮೂಲೆ: ಕನ್ನಡ ಡಬ್ಬಿಂಗ್‌ನಲ್ಲಿ ಶ್ಲೇಷೆಯ ಗತಿ

ವಯನಾಡಿನ ಸುಲ್ತಾನ್ ಬತ್ತೇರಿ ಮೂರು ಹೆಸರುಗಳನ್ನು ಹೊತ್ತ ಊರು. ಅಲ್ಲಿ ಜೈನರು ನೆಲೆಸಿದ್ದ ಕಾಲದ ಹೆಸರು ‘ಹನ್ನೆರಡು ಬೀದಿ’. ಇದು ಅಪ್ಪಟ ಕನ್ನಡ. ಗಣಪತಿಯ ದೇಗುಲದಿಂದ ಬಂದದ್ದು ‘ಗಣಪತಿವಟ್ಟಂ’. 18ನೆಯ ಶತಮಾನದ ಉತ್ತರಾರ್ಧದಲ್ಲಿ ಟಿಪ್ಪು ಸುಲ್ತಾನನ ಸೇನೆ ಅಲ್ಲಿಯ ಜೈನ ಬಸದಿಯನ್ನು ಮದ್ದುಗುಂಡಿನ ಕೋಠಿಯಾಗಿ ಬಳಸಿದ ಮೇಲೆ ಇಂಗ್ಲಿಷರು ಬರೆದುಕೊಂಡದ್ದು ‘ಸುಲ್ತಾನ್ಸ್ ಬ್ಯಾಟರಿ’. ಮಲಯಾಳಂ ಬಾಯಿಯಲ್ಲಿ ಆ ‘ಬ್ಯಾಟರಿ’ ‘ಬತ್ತೇರಿ’ಯಾಯಿತು. ಕೋಟೆಯ ತೋಪಿನ ಕಟ್ಟೆಗೆ ಇದೇ ಪದ ಕನ್ನಡದಲ್ಲಿಯೂ ಉಂಟು. ಮಂಗಳೂರಿನ ಬೋಳೂರಿನಲ್ಲಿ ನದಿಯ ದಡದ ಕಾವಲುಗೋಪುರದ ಹೆಸರೂ ಸುಲ್ತಾನ್ ಬತ್ತೇರಿಯೇ. ಊರಿನ ಮೊದಲ ಹೆಸರಿನಲ್ಲಿ ಅರ್ಥ ಹೊರಗೇ ಇತ್ತು: ಹನ್ನೆರಡು ಎಂದರೆ ಹನ್ನೆರಡು, ಬೀದಿ ಎಂದರೆ ಬೀದಿ. ಕೊನೆಯ ಹೆಸರಿನಲ್ಲಿ ನಾದ ಉಳಿದಿದೆ, ತೋಪು ಕಾಣೆಯಾಗಿದೆ. ಒಂದು ಮಾತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ನಾದ ಉಳಿದರೆ ಅರ್ಥ ಸೋರುತ್ತದೆ, ಅರ್ಥ ಉಳಿದರೆ ನಾದ ಸೋರುತ್ತದೆ. ನಾದ ಮತ್ತು ಅರ್ಥಗಳೆರಡೂ ಒಟ್ಟಿಗೆ ಇದ್ದರೆ ಮಾತ್ರ ಬದುಕುವ ಮಾತಿನ ಬಗೆ ಒಂದಿದೆ. ಅದೇ ಶ್ಲೇಷೆ.

ಹಾಸ್ಯಚಿತ್ರವೊಂದು ಕನ್ನಡಕ್ಕೆ ಡಬ್ ಆದಾಗ ಅದರ ಶ್ಲೇಷೆಗಳು ಏನಾಗುತ್ತವೆ ಎಂಬುದು ಈ ಲೇಖನದ ವಿಷಯ. ಇದನ್ನು ಬೆಂಗಳೂರಿನಿಂದ ನೋಡುವುದಕ್ಕೂ ಬತ್ತೇರಿಯಿಂದ ನೋಡುವುದಕ್ಕೂ ವ್ಯತ್ಯಾಸವುಂಟು. ಬೆಂಗಳೂರಿನ ಪ್ರೇಕ್ಷಕನಿಗೆ ಡಬ್ ಆದ ಮಲಯಾಳಂ ಚಿತ್ರವು ಒಂದೇ ಧ್ವನಿಪಥದ ಕನ್ನಡ ಚಿತ್ರ. ಮನೆಯಲ್ಲಿ ಕನ್ನಡ, ಶಾಲೆ ಮತ್ತು ಪೇಟೆಯಲ್ಲಿ ಮಲಯಾಳಂ ಎಂದು ಬದುಕುವ ಗಡಿಯ ಪ್ರೇಕ್ಷಕನಿಗೆ ಅದೇ ಚಿತ್ರ ಎರಡು ಪದರಗಳಲ್ಲಿ ಕೇಳಿಸುತ್ತದೆ. ಅವನು ಕಳೆದುಹೋದದ್ದನ್ನು ಗುರುತಿಸಬಲ್ಲ. ಮೂಲದಲ್ಲಿಯೂ ಇಲ್ಲದ, ಡಬ್ ಬರೆದವರೂ ಉದ್ದೇಶಿಸದ ಶ್ಲೇಷೆಗಳು ಹುಟ್ಟಿಕೊಳ್ಳುವುದನ್ನೂ ಅವನೇ ಕೇಳಬಲ್ಲ.

ಮಮ್ಮಟನ ಪರೀಕ್ಷೆ

ಶ್ಲೇಷೆಯ ಬಗ್ಗೆ ನಮ್ಮ ಅಲಂಕಾರಶಾಸ್ತ್ರ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚರ್ಚಿಸಿದೆ. ಕನ್ನಡದಲ್ಲಿ ‘ಕವಿರಾಜಮಾರ್ಗ’ವೇ ದಂಡಿಯ ಜಾಡಿನಲ್ಲಿ ಅದನ್ನು ಪರಿಗಣಿಸಿದೆ. ಆದರೆ ಡಬ್ಬಿಂಗ್‌ಗೆ ನೇರವಾಗಿ ಒದಗುವ ಸಾಧನ ಸಿಗುವುದು 11ನೆಯ ಶತಮಾನದ ಮಮ್ಮಟನ ‘ಕಾವ್ಯಪ್ರಕಾಶ’ದಲ್ಲಿ. ಒಂದು ಪದವನ್ನು ತೆಗೆದು ಅದರ ಪರ್ಯಾಯಪದವನ್ನು ಇಟ್ಟಾಗಲೂ ಚಮತ್ಕಾರ ಉಳಿದರೆ ಅದು ಅರ್ಥದಲ್ಲಿ ನೆಲೆಗೊಂಡದ್ದು. ಪದ ಬದಲಾದೊಡನೆ ಚಮತ್ಕಾರ ನಾಶವಾದರೆ ಅದು ಶಬ್ದದಲ್ಲಿ ನೆಲೆಗೊಂಡದ್ದು. ಬದಲಾವಣೆಯನ್ನು ಸಹಿಸುವುದು ಪರಿವೃತ್ತಿಸಹ, ಸಹಿಸದಿರುವುದು ಪರಿವೃತ್ತ್ಯಸಹ. ಮಮ್ಮಟನು ಒಂದೇ ಭಾಷೆಯ ಒಳಗೆ, ಒಂದೊಂದು ಪದದ ಮೇಲೆ ಮಾಡಿದ ಈ ಪರೀಕ್ಷೆಯನ್ನು ಡಬ್ಬಿಂಗ್ ಇಡೀ ಚಿತ್ರದ ಮೇಲೆ ಒಮ್ಮೆಗೇ ನಡೆಸುತ್ತದೆ. ಪ್ರತಿಯೊಂದು ಪದವೂ ಬದಲಾಗುತ್ತದೆ. ಏನು ಉಳಿಯಿತು ಎಂಬುದು ಆಮೇಲೆ ತಿಳಿಯುತ್ತದೆ.

ಆದರೆ ಮಮ್ಮಟನಿಗೆ ಇಲ್ಲದ ಎರಡು ತೊಡಕುಗಳು ಡಬ್ಬಿಂಗ್‌ಗೆ ಇವೆ. ಒಂದು, ನಟನ ತುಟಿ. ಪ, ಬ, ಮ ಎನ್ನುವಾಗ ತುಟಿಗಳು ಮುಚ್ಚುತ್ತವೆ, ಸಮೀಪದ ಚಿತ್ರಿಕೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಎರಡು, ಚಿತ್ರದಲ್ಲಿ ಈಗಾಗಲೇ ಅಚ್ಚಾಗಿಬಿಟ್ಟ ವಸ್ತುಗಳು: ಅಂಗಡಿಯ ಫಲಕ, ಗೋಡೆಬರಹ, ಮಾತು ಸೂಚಿಸುವ ಪ್ರಾಣಿ ಅಥವಾ ಪದಾರ್ಥ. ಮಾತನ್ನು ಬದಲಿಸಬಹುದು, ಇವನ್ನು ಬದಲಿಸಲಾಗದು.

ಈ ಎರಡು ತೊಡಕುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ಸಾಕು. ಮಲಯಾಳಂನಲ್ಲಿ ‘ಪುಲಿ’ ಎಂದರೆ ಚಿರತೆ ಜಾತಿಯ ಮೃಗ, ‘ಪುಳಿ’ ಎಂದರೆ ಹುಣಿಸೆ, ಹುಳಿ. ಲಕಾರ ಳಕಾರಗಳ ಅಂತರದಲ್ಲಿ ಆಡುವ ಈ ಮಾತಿನಾಟ ಕನ್ನಡಕ್ಕೆ ಸುಲಭವಾಗಿ ದಾಟಬೇಕು, ಏಕೆಂದರೆ ನಮ್ಮಲ್ಲಿಯೂ ‘ಹುಲಿ’, ‘ಹುಳಿ’ ಎಂಬ ಜೋಡಿ ಅಂತೆಯೇ ಉಂಟು. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು; ಮಲಯಾಳಂ ಅದನ್ನು ಉಳಿಸಿಕೊಂಡಿತು. ಹಾಗಾಗಿ ಕಿವಿಗೆ ಶ್ಲೇಷೆ ಪೂರ್ಣವಾಗಿ ದಕ್ಕುತ್ತದೆ. ಕಣ್ಣಿಗೆ ಮಾತ್ರ ದಕ್ಕುವುದಿಲ್ಲ. ನಟನ ತುಟಿ ‘ಪು’ ಎಂದು ಮುಚ್ಚಿ ತೆರೆದದ್ದು ತೆರೆಯ ಮೇಲೆ ಕಾಣುತ್ತದೆ, ಕೇಳುವುದು ತುಟಿ ಮುಟ್ಟದ ‘ಹು’. ಪಾಲ್ ಹಾಲಾಗುವಲ್ಲಿ, ಪಲ್ಲ್ ಹಲ್ಲಾಗುವಲ್ಲಿ ಎಲ್ಲ ಕಡೆಯೂ ಇದೇ ಕಥೆ. ಒಂದು ಸಾವಿರ ವರ್ಷದ ಹಿಂದಿನ ಕನ್ನಡವನ್ನು ಬಳಸಿದರೆ ಮಲಯಾಳಂ ಚಿತ್ರಕ್ಕೆ ತುಟಿ ಕೂಡುತ್ತದೆ ಎಂಬುದು ನಗೆ ತರಿಸುವ ಸಂಗತಿಯಾದರೂ ನಿಜ. ಇಂತಹ ಮಾತನ್ನು ನಟನು ಬೆನ್ನು ತಿರುಗಿಸಿದ ಅಥವಾ ದೂರದಲ್ಲಿರುವ ಚಿತ್ರಿಕೆಗೆ ಸರಿಸುವುದೇ ಡಬ್ ಬರೆಯುವವನಿಗೆ ಉಳಿಯುವ ಜಾಣ್ಮೆ.

ರಾಕ್ಷಸರ ವ್ಯಾಕರಣ

ಕನ್ನಡದ ಡಬ್ಬಿಂಗ್ ಚರಿತ್ರೆಯಲ್ಲಿ ಮಾತಿನಾಟದ ದೃಷ್ಟಿಯಿಂದ ಮೊದಲು ನಿಲ್ಲಬೇಕಾದ ಚಿತ್ರ ‘ಮಾಯಾಬಜಾರ್’. ವಿಜಯಾ ಸಂಸ್ಥೆಗಾಗಿ ಕೆ.ವಿ. ರೆಡ್ಡಿ ನಿರ್ದೇಶಿಸಿದ ಈ ಚಿತ್ರ 1957ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಬಂದಿತು. ಮುಂದೆ ಕನ್ನಡಕ್ಕೆ ಡಬ್ ಆಯಿತು. ತೆಲುಗಿನ ಸಂಭಾಷಣೆ ಪಿಂಗಳಿ ನಾಗೇಂದ್ರರಾವ್ ಅವರದು. ಪೌರಾಣಿಕ ಕಥೆಯಾದರೂ ಇದು ಬಹುಮಟ್ಟಿಗೆ ಭಾಷೆಯನ್ನೇ ಕುರಿತ ಹಾಸ್ಯ. ಘಟೋತ್ಕಚನ ಆಶ್ರಮದಲ್ಲಿ ರಾಕ್ಷಸ ಶಿಷ್ಯರು ಸಂಸ್ಕೃತ ಪದಗಳನ್ನು ಉಚ್ಚರಿಸಲಾರದೆ ಒಡೆದು ಹಾಕುತ್ತಾರೆ. ‘ಅಸ್ಮದೀಯ’ ಎಂದರೆ ನಮ್ಮವರು. ರಾಕ್ಷಸನ ನಾಲಿಗೆಯಲ್ಲಿ ಅದು ‘ಅಸಮದೀಯ’. ಅದಕ್ಕೆ ಎದುರಾಗಿ ಶತ್ರುಗಳಿಗೆ ‘ತಸಮದೀಯ’ ಎಂಬ ಹೊಸ ಪದ. ಗುರು ತಿದ್ದಲು ಹೋದರೆ ಘಟೋತ್ಕಚನು ಶಿಷ್ಯನ ಪಕ್ಷ ವಹಿಸುತ್ತಾನೆ: ಯಾರೂ ಹುಟ್ಟಿಸದಿದ್ದರೆ ಪದಗಳು ಎಲ್ಲಿಂದ ಬಂದಾವು ಎಂಬುದು ಅವನ ವಾದದ ಸಾರ.

ಈ ಹಾಸ್ಯ ಕನ್ನಡಕ್ಕೆ ಬರುವಾಗ ಅದರ ಒಳಯಂತ್ರ ಮುರಿಯುವುದಿಲ್ಲ. ‘ಅಸ್ಮದೀಯ’ ಕನ್ನಡಕ್ಕೂ ತತ್ಸಮ. ಒತ್ತಕ್ಷರವನ್ನು ಸ್ವರದಿಂದ ಬಿಡಿಸುವುದು ಕನ್ನಡದ ತದ್ಭವಗಳ ಹಳೆಯ ದಾರಿ. ಭಕ್ತಿ ‘ಬಕುತಿ’ಯಾದದ್ದೂ ಹಾಗೆಯೇ. ರಾಕ್ಷಸನ ತಪ್ಪು ನಮ್ಮ ವ್ಯಾಕರಣದ ಒಂದು ನಿಯಮವನ್ನೇ ಅನುಸರಿಸುತ್ತದೆ, ಆದ್ದರಿಂದ ಕನ್ನಡ ಕಿವಿ ಅದನ್ನು ಪರಕೀಯವೆಂದು ಕೇಳದೆ ತನ್ನದೇ ಹಳ್ಳಿಯ ಉಚ್ಚಾರವೆಂದು ಕೇಳುತ್ತದೆ. ‘ತಸಮದೀಯ’ದ ಹುಸಿ ಸಾದೃಶ್ಯವೂ ಹಾಗೆಯೇ ನಿಲ್ಲುತ್ತದೆ. ಜೊತೆಗೆ ಕನ್ನಡದಲ್ಲಿ ‘ಅಸಮ’ ಎಂಬ ಪದವೂ ಒಳಗಿಂದ ಇಣುಕಿ ‘ನಮ್ಮವರು’ ಎಂಬುದರಲ್ಲಿ ಸರಿಸಾಟಿಯಿಲ್ಲದವರು ಎಂಬ ಅರ್ಥದ ನೆರಳನ್ನು ಬೀಳಿಸುತ್ತದೆ.

ಇನ್ನೊಂದು ಗುಂಪಿನ ಪದಗಳು ‘ಗಿಂಬಳಿ’, ‘ಗಿಲ್ಪ’. ಕಂಬಳಿಗೆ ಪ್ರತಿಯಾಗಿ ಗಿಂಬಳಿ, ತಲ್ಪಕ್ಕೆ ಪ್ರತಿಯಾಗಿ ಗಿಲ್ಪ: ಬೀಗರಾಗಿ ಬಂದವರನ್ನು ಪೇಚಿಗೆ ಸಿಲುಕಿಸುವ ಮಾಯಾವಸ್ತುಗಳು. ಮಾತಿನ ಮೊದಲ ಅಕ್ಷರವನ್ನು ‘ಗಿ’ಗೆ ಬದಲಿಸಿ ಜೋಡಿಪದ ಕಟ್ಟುವುದು ತೆಲುಗಿನಂತೆ ಕನ್ನಡದಲ್ಲಿಯೂ ದಿನನಿತ್ಯದ ರೂಢಿ: ಮದುವೆ-ಗಿದುವೆ, ಪುಸ್ತಕ-ಗಿಸ್ತಕ. ಸಾಮಾನ್ಯವಾಗಿ ಈ ಎರಡನೆಯ ಪದಕ್ಕೆ ಸ್ವಂತ ಅರ್ಥವಿರುವುದಿಲ್ಲ, ‘ಇತ್ಯಾದಿ’ ಎಂಬ ಅಸಡ್ಡೆಯಷ್ಟೇ ಇರುತ್ತದೆ. ಪಿಂಗಳಿಯವರ ಹಾಸ್ಯ ಇರುವುದು ಆ ಪೊಳ್ಳು ಪದಕ್ಕೆ ಒಂದು ವಸ್ತುವನ್ನು ಕೊಟ್ಟದ್ದರಲ್ಲಿ. ಕನ್ನಡದ ಕೇಳುಗನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕಂಬಳಿ ಎಂಬ ಪದವೂ ನಮ್ಮದೇ, ಗಿಂಬಳಿಯ ನಿಯಮವೂ ನಮ್ಮದೇ. ತುಟಿಯ ಲೆಕ್ಕವೂ ಸರಿಹೋಗುತ್ತದೆ.

ಆದರೆ ಇದೇ ಚಿತ್ರದಲ್ಲಿ ದಾಟಲಾರದ ಒಂದು ಪದವಿದೆ: ‘ವೀರತಾಡು’. ಶಹಭಾಸ್ ಎನಿಸಿದವನ ಕೊರಳಿಗೆ ಹಾಕುವ ಬಿರುದಿನ ಹಾರವಿದು. ತೆಲುಗಿನಲ್ಲಿ ‘ತಾಡು’ ಎಂದರೆ ಹಗ್ಗ. ಬಿರುದಿನ ಗಾಂಭೀರ್ಯವೂ ಹಗ್ಗದ ಒರಟುತನವೂ ಒಂದೇ ಪದದಲ್ಲಿ ಡಿಕ್ಕಿ ಹೊಡೆಯುವುದೇ ಅಲ್ಲಿಯ ನಗು. ಕನ್ನಡದಲ್ಲಿ ‘ವೀರಮಾಲೆ’ ಎಂದರೆ ಹಗ್ಗ ಕಳಚಿ ಬಿರುದು ಮಾತ್ರ ಉಳಿಯುತ್ತದೆ. ‘ವೀರಹಗ್ಗ’ ಎಂದರೆ ಹಗ್ಗ ಮಾತ್ರ ಉಳಿದು ಬಿರುದು ನೇಣಿನಂತೆ ಕೇಳುತ್ತದೆ. ನಾದಕ್ಕೆ ಹತ್ತಿರವೆಂದು ‘ವೀರತಾಳಿ’ ಎಂದರಂತೂ ರಾಕ್ಷಸನಿಗೆ ಮದುವೆಯೇ ಆಗಿಬಿಡುತ್ತದೆ. ಕೊರಳಿಗೆ ಬೀಳುವ ವಸ್ತು ತೆರೆಯ ಮೇಲೆ ಕಾಣುವುದರಿಂದ ಬೇರೆ ವಸ್ತುವನ್ನು ಹೆಸರಿಸುವ ಸ್ವಾತಂತ್ರ್ಯವೂ ಇಲ್ಲ. ಮಮ್ಮಟನ ಪರೀಕ್ಷೆಯಲ್ಲಿ ಇದು ಪರಿವೃತ್ತ್ಯಸಹ.

ಒಂದೇ ಚಿತ್ರದ ಈ ಪದಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ತೀರ್ಮಾನಕ್ಕೆ ಬರಬಹುದು. ಸಂಸ್ಕೃತದ ತತ್ಸಮಗಳಲ್ಲಿ ಅಥವಾ ದ್ರಾವಿಡ ಭಾಷೆಗಳು ಹಂಚಿಕೊಂಡ ಪದರಚನೆಯ ನಿಯಮದಲ್ಲಿ ನೆಲೆಗೊಂಡ ಮಾತಿನಾಟ ದಾಟುತ್ತದೆ. ಒಂದು ಭಾಷೆಗಷ್ಟೇ ಸೇರಿದ ಬಿಡಿ ದೇಶ್ಯಪದದಲ್ಲಿ ನೆಲೆಗೊಂಡದ್ದು ದಾಟುವುದಿಲ್ಲ.

ಡಬ್ಬಿಂಗ್ ಇಲ್ಲದ ಅರ್ಧ ಶತಮಾನ

1960ರ ದಶಕದಲ್ಲಿ ಕನ್ನಡ ಚಿತ್ರೋದ್ಯಮವನ್ನು ಉಳಿಸುವ ಚಳವಳಿಯ ಭಾಗವಾಗಿ ಡಬ್ಬಿಂಗ್‌ಗೆ ವಿರೋಧ ಎದ್ದಿತು. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ಮುಂಚೂಣಿಯಲ್ಲಿದ್ದ ಕಾಲ ಅದು. ಕಾನೂನು ಇಲ್ಲದಿದ್ದರೂ ಉದ್ಯಮದ ಒಮ್ಮತವೇ ಕಾನೂನಿನಂತೆ ನಡೆದು ಡಬ್ಬಿಂಗ್ ನಿಂತುಹೋಯಿತು. 2015ರ ಜುಲೈ 27ರಂದು ಭಾರತೀಯ ಸ್ಪರ್ಧಾ ಆಯೋಗ ಈ ತಡೆಯನ್ನು ಸ್ಪರ್ಧೆಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಎಂಬ ಡಬ್ ಆದ ತಮಿಳು ಚಿತ್ರ ಚಿತ್ರಮಂದಿರಕ್ಕೆ ಬಂದಿತು. ಈ ತಡೆಯ ಸರಿತಪ್ಪುಗಳು ಇಲ್ಲಿಯ ವಿಷಯವಲ್ಲ. ಮಾತಿನಾಟದ ದೃಷ್ಟಿಯಿಂದ ಗಮನಿಸಬೇಕಾದದ್ದು, ಆ ಅರ್ಧ ಶತಮಾನದಲ್ಲಿ ಹೊರಗಿನ ಕಥೆಗಳು ರೀಮೇಕ್ ಎಂಬ ಇನ್ನೊಂದು ಬಾಗಿಲಿನಿಂದ ಕನ್ನಡಕ್ಕೆ ಬಂದವು ಎಂಬುದು.

ರೀಮೇಕಿನಲ್ಲಿ ತುಟಿಯ ತೊಡಕಿಲ್ಲ, ಗೋಡೆಬರಹದ ತೊಡಕಿಲ್ಲ. ಇಡೀ ನೆಲವನ್ನೇ ಬದಲಿಸಬಹುದು. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ 2004ರಲ್ಲಿ ಕನ್ನಡದ ‘ಆಪ್ತಮಿತ್ರ’ವಾದ ಬಗೆ ಇದಕ್ಕೆ ನಿದರ್ಶನ. ಮಲಯಾಳಂ ಮನೆಯೊಳಗಿನ ನಾಗವಲ್ಲಿ ತಮಿಳು ನರ್ತಕಿ. ಅವಳ ಬಾಯಿಂದ ಹೊರಡುವ ತಮಿಳು, ಅವಳು ಈ ಮನೆಯವಳಲ್ಲ ಎಂಬುದರ ಗುರುತು. ಕನ್ನಡದ ನಾಗವಲ್ಲಿ ತೆಲುಗು ಆಡುತ್ತಾಳೆ. ಪದಕ್ಕೆ ಪದವಾಗಿ ನೋಡಿದರೆ ಇದು ಅನುವಾದವೇ ಅಲ್ಲ. ಆದರೆ ಎರಡು ಭಾಷೆಗಳ ನಡುವಿನ ದೂರ ಇಲ್ಲಿ ಅನುವಾದವಾಗಿದೆ: ಮಲಯಾಳಿಗೆ ತಮಿಳು ಎಷ್ಟು ಅರ್ಥವಾಗಿ ಎಷ್ಟು ಪರಕೀಯವೋ, ಕನ್ನಡಿಗನಿಗೆ ತೆಲುಗು ಸುಮಾರಾಗಿ ಅಷ್ಟೇ. ಡಬ್ಬಿಂಗ್‌ನಲ್ಲಿ ಈ ಜಾಣ್ಮೆ ಇಷ್ಟು ಸಲೀಸಲ್ಲ. ಚಿತ್ರದಲ್ಲಿ ಕಾಣುವ ಊರು, ಉಡುಗೆ, ಬರಹಗಳು ಮೂಲ ನೆಲವನ್ನು ಸಾರುತ್ತಲೇ ಇರುತ್ತವೆ.

ಹೀಗಾಗಿ ಕನ್ನಡದ ಸಂಭಾಷಣೆಕಾರರು ಒಂದು ಹಾಸ್ಯವನ್ನು ಕಿತ್ತು ಬೇರೆಡೆ ನೆಡುವುದರಲ್ಲಿ ಪಳಗಿದರು. ಕೀಳದೆ ಇದ್ದಲ್ಲೇ ಕಸಿ ಮಾಡುವ ಕಲೆಯನ್ನು ಡಬ್ಬಿಂಗ್ ಮರಳಿದ ಮೇಲೆ ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಿಕೊಳ್ಳಬೇಕಾಯಿತು.

ಮಿನ್ನಲ್, ಮಿಂಚು, ಮಿಸ್ಟರ್

ಆ ಕಸಿಯ ಕಷ್ಟವನ್ನು ಬತ್ತೇರಿಯ ನೆರೆಯಿಂದ ನೋಡಲು ತಕ್ಕ ಚಿತ್ರ ‘ಮಿನ್ನಲ್ ಮುರಳಿ’. ಬೇಸಿಲ್ ಜೋಸೆಫ್ ನಿರ್ದೇಶನದ ಈ ಹಾಸ್ಯಮಿಶ್ರಿತ ಸಾಹಸಚಿತ್ರ 2021ರ ಡಿಸೆಂಬರ್ 24ರಂದು ನೆಟ್‌ಫ್ಲಿಕ್ಸಿನಲ್ಲಿ ಬಿಡುಗಡೆಯಾಯಿತು. ಕನ್ನಡದ ಧ್ವನಿಯೂ ಜೊತೆಗಿತ್ತು. ಅಮೆರಿಕಕ್ಕೆ ಹೋಗುವ ಕನಸು ಕಾಣುವ ಜೈಸನ್ ಎಂಬ ಹಳ್ಳಿಯ ದರ್ಜಿಗೆ ಸಿಡಿಲು ಬಡಿದು ಅತಿಮಾನುಷ ಶಕ್ತಿ ಬರುತ್ತದೆ. ಅದೇ ಸಿಡಿಲು ಶಿಬು ಎಂಬ ಇನ್ನೊಬ್ಬನಿಗೂ ಬಡಿಯುತ್ತದೆ.

ಮೊದಲು ಹೆಸರನ್ನೇ ನೋಡೋಣ. ಮಲಯಾಳಂನಲ್ಲಿ ‘ಮಿನ್ನಲ್’ ಎಂದರೆ ಮಿಂಚು. ‘ಮಿ’ ಮತ್ತು ‘ಮು’ಗಳ ಅನುಪ್ರಾಸವೇ ನಾಯಕನ ಬಿರುದಿಗೆ ನಾಟಕದ ಪೋಸ್ಟರಿನ ಠೀವಿ ಕೊಡುತ್ತದೆ. ಬಿಡುಗಡೆಗೆ ಮೊದಲಿನ ಪ್ರಚಾರದಲ್ಲಿ ಕೆಲವು ಭಾಷೆಗಳಿಗೆ ಬೇರೆ ಬೇರೆ ಹೆಸರುಗಳಿದ್ದವು: ತೆಲುಗಿಗೆ ‘ಮೆರುಪು ಮುರಳಿ’, ಕನ್ನಡಕ್ಕೆ ‘ಮಿಂಚು ಮುರಳಿ’, ಹಿಂದಿಗೆ ‘ಮಿಸ್ಟರ್ ಮುರಳಿ’. ಈ ಸಣ್ಣ ಪಟ್ಟಿಯಲ್ಲಿ ಇಡೀ ಸಮಸ್ಯೆ ಅಡಗಿದೆ. ಹಿಂದಿಯ ‘ಬಿಜಲಿ’ ಅರ್ಥವನ್ನು ಕೊಟ್ಟೀತು, ಅನುಪ್ರಾಸವನ್ನು ಕೊಡದು. ಆದ್ದರಿಂದ ಹಿಂದಿಯವರು ಮಿಂಚನ್ನೇ ಕೈಬಿಟ್ಟು ಮಕಾರವನ್ನು ಉಳಿಸಿಕೊಂಡರು. ತೆಲುಗು ಕನ್ನಡಗಳಿಗೆ ಆ ಆಯ್ಕೆ ಮಾಡಬೇಕಾದ ಸಂಕಟವೇ ಬರಲಿಲ್ಲ, ಎರಡೂ ಒಟ್ಟಿಗೆ ಸಿಕ್ಕವು. ಕನ್ನಡದ ‘ಮಿಂಚು’ ಮಲಯಾಳಂನ ‘ಮಿನ್ನಲ್’ಗೆ ಒಡಹುಟ್ಟಿದ ಪದ: ಎರಡೂ ಎರಡೆರಡು ಅಕ್ಷರಗಳು, ಎರಡರಲ್ಲಿಯೂ ತುಟಿ ಮೊದಲು ಮುಚ್ಚಿ ತೆರೆಯುತ್ತದೆ. ಕೊನೆಯಲ್ಲಿ ಮಾತ್ರ ‘ಅಲ್’ ಎಂದು ತೆರೆದ ಬಾಯಿಗೆ ಕನ್ನಡದ ‘ಉ’ಕಾರ ದುಂಡಗೆ ಬಂದು ಕೂರುತ್ತದೆ. ಮಲಯಾಳಂ ವ್ಯಂಜನದಲ್ಲಿ ನಿಲ್ಲಿಸುವ ಪದಗಳಿಗೆ ಕನ್ನಡ ಸ್ವರ ಸೇರಿಸುವುದು ಸಾಮಾನ್ಯ. ಡಬ್ ಆದ ಮಾತು ಕಾಲು ಹೆಜ್ಜೆ ತಡವಾಗಿ ಮುಗಿದಂತೆ ಕೇಳುವುದಕ್ಕೆ ಇದೂ ಒಂದು ಕಾರಣ.

ಕನ್ನಡಕ್ಕೆ ಇಲ್ಲೊಂದು ಲಾಭವೂ ಉಂಟು. ‘ಮಿಂಚು’ ಕನ್ನಡದಲ್ಲಿ ಕ್ರಿಯಾಪದವೂ ಹೌದು: ಹೊಳೆಯುವುದು, ಮೇಲುಗೈಯಾಗುವುದು, ಕೈಮೀರುವುದು. ‘ಕಾಲ ಮಿಂಚಿತು’ ಎನ್ನುವಾಗ ಆಕಾಶದಲ್ಲಿ ಏನೂ ಹೊಳೆಯುವುದಿಲ್ಲ, ಸಮಯ ಕೈತಪ್ಪಿರುತ್ತದೆ. ತಡವಾಗಿ ಬರುವ ವೀರನ ಕುರಿತು ಮಲಯಾಳಂನಲ್ಲಿ ಸಾಧ್ಯವಿಲ್ಲದ ಒಂದು ಶ್ಲೇಷೆ ಕನ್ನಡದಲ್ಲಿ ಬಿಟ್ಟಿಯಾಗಿ ಸಿಕ್ಕುತ್ತದೆ. ಕಳೆದುಕೊಂಡ ಒಂದು ಹಾಸ್ಯಕ್ಕೆ ಪ್ರತಿಯಾಗಿ, ಅದೇ ಸ್ಥಳದಲ್ಲೇ ಅಲ್ಲದಿದ್ದರೂ ಚಿತ್ರದಲ್ಲಿ ಎಲ್ಲಾದರೂ ಇಂತಹ ಒಂದನ್ನು ಸೇರಿಸುವುದಕ್ಕೆ ಅನುವಾದಕರು ಪರಿಹಾರ ಎನ್ನುತ್ತಾರೆ.

ನಷ್ಟವಾಗುವುದು ಬೇರೊಂದು ಕಡೆ. ಖಳನೂ ನಾಯಕನ ಹೆಸರಿನಲ್ಲಿ ಕೃತ್ಯಗಳನ್ನು ಎಸಗತೊಡಗಿದಾಗ ನಾಯಕನಿಗೆ ತನ್ನ ಹೆಸರಿನ ಜೊತೆ ‘ಒರಿಜಿನಲ್’ ಎಂದು ಸೇರಿಸಬೇಕಾಗುತ್ತದೆ. ಅಂಗಡಿಯ ಬೋರ್ಡುಗಳ ಮೇಲೆ ಕಾಣುವ ಈ ವ್ಯಾಪಾರಿ ಪದವನ್ನು ಒಬ್ಬ ಅತಿಮಾನುಷ ವೀರನು ಬಳಸುವುದೇ ನಗೆಯ ಒಂದು ಪದರ. ಇನ್ನೊಂದು ಪದರ ಪ್ರಾಸ: ಮಿನ್ನಲ್, ಒರಿಜಿನಲ್. ‘ಮಿಂಚು’ ಎಂದೊಡನೆ ಆ ಪ್ರಾಸ ಹೋಗುತ್ತದೆ. ‘ಮಿನ್ನಲ್’ ಎಂದೇ ಉಳಿಸಿದರೆ ಪ್ರಾಸ ಉಳಿಯುತ್ತದೆ, ಕನ್ನಡ ಪ್ರೇಕ್ಷಕನಿಗೆ ಸಿಡಿಲು ಕಾಣುವುದಿಲ್ಲ. ಮೇಲಾಗಿ ತೆರೆಯ ಮೇಲಿನ ಬರಹ ಮಲಯಾಳಂ ಲಿಪಿಯಲ್ಲಿ ಇದೆ. ಅದನ್ನು ಓದಬಲ್ಲ ಕನ್ನಡಿಗನೆಂದರೆ ಬತ್ತೇರಿಯಂಥ ಊರಿನವನು. ಅವನ ಕಣ್ಣು ಒಂದನ್ನು ಓದುತ್ತದೆ, ಕಿವಿ ಇನ್ನೊಂದನ್ನು ಕೇಳುತ್ತದೆ.

ಕುರುಕ್ಕನ್‌ಮೂಲ

ಚಿತ್ರದ ಕಥೆ ನಡೆಯುವ ಊರು ಕುರುಕ್ಕನ್‌ಮೂಲ. ಕಥೆಯ ಮಟ್ಟಿಗೆ ಅದು ಕಾಲ್ಪನಿಕ. ಆದರೆ ವಯನಾಡಿನ ಮಾನಂತವಾಡಿಯ ಬಳಿ ಅದೇ ಹೆಸರಿನ ನಿಜವಾದ ಊರೊಂದು ಉಂಟು. ಮಲಯಾಳಂನಲ್ಲಿ ‘ಕುರುಕ್ಕನ್’ ಎಂದರೆ ನರಿ, ‘ಮೂಲ’ ಎಂದರೆ ಮೂಲೆ. ನರಿ ಊಳಿಡುವ ಹಿಂದುಳಿದ ಮೂಲೆಯಿಂದ ಒಬ್ಬ ಮಹಾವೀರ ಎದ್ದು ಬರುತ್ತಾನೆ ಎಂಬುದು ಆ ಹೆಸರು ಉಚ್ಚರಿಸಿದಾಗೆಲ್ಲ ಮಲಯಾಳಿ ಪ್ರೇಕ್ಷಕನಿಗೆ ಕೇಳುವ ಮೆಲುನಗೆ.

ಊರಿನ ಹೆಸರನ್ನು ಅನುವಾದಿಸದಿರುವುದು ಡಬ್ಬಿಂಗಿನ ಸಾಮಾನ್ಯ ರೂಢಿ. ಹಾಗೆ ಬಿಟ್ಟರೆ ಕನ್ನಡ ಪ್ರೇಕ್ಷಕನಿಗೆ ‘ಕುರುಕ್ಕನ್’ ಬರಿಯ ಸದ್ದು. ಹಿಂದಿನ ‘ಮೂಲ’ವಾದರೋ ಅವನಿಗೆ ಪರಿಚಿತ, ಆದರೆ ತಪ್ಪಾಗಿ ಪರಿಚಿತ. ಕನ್ನಡದಲ್ಲಿ ‘ಮೂಲ’ ಎಂದರೆ ಬೇರು, ಉಗಮ, ಅಸಲು. ನದೀಮೂಲ, ಋಷಿಮೂಲ ಎಂಬಂತೆ. ಊರಿನ ಮೂಲೆತನ ಅಳಿದು, ಏನೋ ಪವಿತ್ರ ಉಗಮಸ್ಥಾನದ ಧ್ವನಿ ಹೊರಡುತ್ತದೆ. ಹೆಸರಿಗಾಗಿ ಜಗಳ ನಡೆಯುವ, ‘ಒರಿಜಿನಲ್’ ಯಾರೆಂದು ಕೇಳುವ ಚಿತ್ರದಲ್ಲಿ ಊರಿನ ಹೆಸರೇ ‘ಅಸಲು’ ಎಂದಾಗುವುದು ಯಾರೂ ಬರೆಯದ ಶ್ಲೇಷೆ.

ಅನುವಾದಿಸಿದರೆ ಏನಾದೀತು? ‘ನರಿಮೂಲೆ’ ಕನ್ನಡದಲ್ಲಿ ಒಪ್ಪುವ ಹೆಸರು. ನಮ್ಮಲ್ಲಿಯೂ ಪ್ರಾಣಿಗಳ ಹೆಸರು ಹೊತ್ತ ಹಳ್ಳಿಗಳು ಬೇಕಾದಷ್ಟಿವೆ. ಐದು ಅಕ್ಷರ ನಾಲ್ಕಾಗುತ್ತದೆ, ಹೊಂದಿಸಬಹುದು. ‘ಕುರು’ ಎಂದು ದುಂಡಾದ ಬಾಯಿಗೆ ‘ನರಿ’ ಕೂರುವುದಿಲ್ಲವಾದರೂ ‘ಮೂ’ ಎನ್ನುವಲ್ಲಿ ತುಟಿ ಸರಿಯಾಗಿ ಮುಚ್ಚುತ್ತದೆ. ಬೆಂಗಳೂರಿನ ಪ್ರೇಕ್ಷಕನಿಗೆ ಹಾಸ್ಯ ಪೂರ್ತಿ ದಕ್ಕುತ್ತದೆ. ಆದರೆ ವಯನಾಡಿನ ಕನ್ನಡಿಗನ ಕಿವಿಯಲ್ಲಿ ಬೇರೊಂದು ಪ್ರಾಣಿ ಎದ್ದು ನಿಲ್ಲುತ್ತದೆ. ಮಲಬಾರಿನ ಮಲಯಾಳಂನಲ್ಲಿ ‘ನರಿ’ ಎಂದರೆ ಹುಲಿ ಎಂಬ ಅರ್ಥ ಹಳೆಯ ಕಾಲದಿಂದ ಬಳಕೆಯಲ್ಲಿದೆ. ಕನ್ನಡದ ಊಳಿಡುವ ನರಿ, ಗಡಿ ದಾಟಿದೊಡನೆ ಗರ್ಜಿಸುತ್ತದೆ. ‘ನರಿಮೂಲೆ’ ಅಲ್ಲಿಯ ಕಿವಿಗೆ ಹುಲಿಮೂಲೆ.

ಕಾಕತಾಳೀಯವೆಂದರೆ, ಚಿತ್ರ ಬಿಡುಗಡೆಯಾದ ಅದೇ 2021ರ ಡಿಸೆಂಬರಿನಲ್ಲಿ ನಿಜವಾದ ಕುರುಕ್ಕನ್‌ಮೂಲ ಸುದ್ದಿಯಲ್ಲಿತ್ತು. ಅಲ್ಲಿ ಹುಲಿಯೊಂದು ಜಾನುವಾರುಗಳನ್ನು ಹಿಡಿಯುತ್ತಿತ್ತು. ಅರಣ್ಯ ಇಲಾಖೆ ಅದರ ಬೆನ್ನು ಹತ್ತಿತ್ತು. ದನ ಕಳೆದುಕೊಂಡವರಿಗೆ ಅದು ನಗುವಿನ ಸಂಗತಿಯಲ್ಲ. ಆದರೂ ನರಿಯ ಹೆಸರಿನ ಊರಿಗೆ ಹುಲಿ ಬಂದ ಆ ವಾರಗಳಲ್ಲಿ, ಕನ್ನಡ ಮಲಯಾಳಂ ಎರಡೂ ಬಲ್ಲವನಿಗೆ ‘ನರಿ’ ಎಂಬ ಒಂದೇ ಪದದಲ್ಲಿ ಹೆಸರೂ ಸುದ್ದಿಯೂ ಕೂಡಿಬಂದಿದ್ದವು.

ಗಡಿಯ ಕಿವಿ

ನರಿ ಒಂಟಿ ಪ್ರಕರಣವಲ್ಲ. ಮಲಯಾಳಂನ ‘ಪಟ್ಟಿ’ ನಾಯಿ. ಕನ್ನಡದ ಪಟ್ಟಿ ಯಾದಿ. ಡಬ್ ಆದ ಕಚೇರಿಯ ದೃಶ್ಯದಲ್ಲಿ ಅಧಿಕಾರಿ ಗಂಭೀರವಾಗಿ ಪಟ್ಟಿ ತರಿಸಿಕೊಂಡರೆ ಬತ್ತೇರಿಯ ಮನೆಯಲ್ಲಿ ನಗು ಹೊಮ್ಮಬಹುದು. ‘ಮದಿ’ ಎಂಬಂತೆ ಕೇಳುವ ಮಲಯಾಳಂನ ‘ಮತಿ’ ಎಂದರೆ ಸಾಕು, ಕನ್ನಡದಲ್ಲಿ ಬುದ್ಧಿ. ‘ಚಾಡಿ’ ಎಂದರೆ ಅಲ್ಲಿ ಜಿಗಿದ. ಇಲ್ಲಿ ಹಿಂದಿನಿಂದ ಹೇಳುವ ದೂರು. ದೂರದ ಭಾಷೆಗಳ ನಡುವೆ ಇಂತಹ ತೊಡಕು ಕಡಿಮೆ. ಒಡ ಹುಟ್ಟಿದ ಭಾಷೆಗಳಲ್ಲಿ ಪದಗಳು ಒಂದೇ ಮುಖ ಹೊತ್ತು ಬೇರೆ ಬೇರೆ ಮನೆಗಳಲ್ಲಿ ಬೆಳೆದಿರುವುದರಿಂದ ಇದು ಅನಿವಾರ್ಯ.

ನುಡಿಗಟ್ಟಿನ ಶ್ಲೇಷೆಯಲ್ಲಿ ಗಡಿಯ ಕಿವಿ ಇನ್ನೂ ಉಪಯುಕ್ತ. ಮಲಯಾಳಂನಲ್ಲಿ ‘ಪಣಿ’ ಎಂದರೆ ಕೆಲಸ. ಯಾರಿಗಾದರೂ ‘ಪಣಿ ಕೊಡುವುದು’ ಎಂದರೆ ಆಡುಮಾತಿನಲ್ಲಿ ಅವನನ್ನು ಪೇಚಿಗೆ ಸಿಲುಕಿಸುವುದೂ ಹೌದು. ಕೆಲಸ ಕೇಳಿ ಬಂದ ನಿರುದ್ಯೋಗಿಗೆ ‘ಪಣಿ’ ಸಿಕ್ಕಿತು ಎನ್ನುವಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಹೊಡೆಯುತ್ತವೆ. ಕನ್ನಡದಲ್ಲಿ ‘ಕೆಲಸ ಕೊಟ್ಟ’ ಎಂದರೆ ಪೇಚು ಮಾಯ. ‘ಕೈಕೊಟ್ಟ’ ಎಂದರೆ ಪೇಚು ಉಂಟು, ಉದ್ಯೋಗವಿಲ್ಲ. ಆದರೆ ‘ಕೆಲಸ ಕೆಟ್ಟಿತು’ ಎಂಬುದರಲ್ಲಿ ಎರಡೂ ಸಿಗುತ್ತವೆ: ಉದ್ಯೋಗವೂ ಹೋಯಿತು, ಎಣಿಸಿದ್ದೂ ಹಾಳಾಯಿತು. ಘಟನೆಯ ದಿಕ್ಕು ಮಾತ್ರ ಕೊಡುವುದರಿಂದ ಕೆಡುವುದಕ್ಕೆ ತಿರುಗಿತು. ಮುಂದಿನ ಸಂಭಾಷಣೆಯಲ್ಲಿ ಎರಡು ಸಾಲು ತಿದ್ದಿದರೆ ಅದನ್ನು ಹೊಂದಿಸಬಹುದು. ಶ್ಲೇಷೆಯನ್ನು ಪದಕ್ಕೆ ಪದವಾಗಿ ಹುಡುಕದೆ, ಡಿಕ್ಕಿ ಹೊಡೆಯುವ ಎರಡು ಅರ್ಥಗಳನ್ನು ಬೇರೆಯಾಗಿ ಬರೆದುಕೊಂಡು ಅವೆರಡೂ ಸಂಧಿಸುವ ಕನ್ನಡದ ಇನ್ನೊಂದು ಸ್ಥಳವನ್ನು ಹುಡುಕುವ ಕ್ರಮ ಇದು.

ಡಬ್ ಆದ ಚಿತ್ರದಲ್ಲಿ ಶ್ಲೇಷೆ ಸತ್ತಿದೆ ಎಂಬುದನ್ನು ಮೂಲ ತಿಳಿಯದವನೂ ಒಂದು ಗುರುತಿನಿಂದ ಹಿಡಿಯಬಹುದು. ಮಾತು ಸಪ್ಪೆಯಾಗಿದ್ದರೂ ಎದುರಿನ ಪಾತ್ರ ಬೆಚ್ಚುತ್ತದೆ, ಹಿನ್ನೆಲೆಯ ಸಂಗೀತ ಕುಟುಕುತ್ತದೆ, ಒಂದು ಕ್ಷಣದ ಮೌನ ಪ್ರೇಕ್ಷಕರ ನಗೆಗಾಗಿ ಕಾಯುತ್ತದೆ. ಅಲ್ಲಿ ಒಂದು ಮಾತು ಇತ್ತು ಎಂಬುದಕ್ಕೆ ಆ ಖಾಲಿ ಜಾಗವೇ ಸಾಕ್ಷಿ. ಆ ಜಾಗದಲ್ಲಿ ಏನಿತ್ತು ಎಂದು ಹೇಳಬಲ್ಲವರು ಎರಡೂ ಭಾಷೆಗಳ ಒಳಗೆ ಬದುಕುವವರು.

ಕನ್ನಡ ಡಬ್ಬಿಂಗಿನ ವಾದವಿವಾದಗಳಲ್ಲಿ ಹೆಚ್ಚಾಗಿ ಕೇಳಿಬಂದದ್ದು ಉದ್ಯಮದ ಮತ್ತು ಕರ್ನಾಟಕದ ಗ್ರಾಹಕರ ದನಿ. ಗಡಿಯಾಚೆಯ ಕನ್ನಡಿಗನಿಗೆ ಮೂಲ ಚಿತ್ರವೇ ಕೈಗೆ ಸಿಗುತ್ತದೆ, ಅವನಿಗೆ ಡಬ್ ಏಕೆ ಎಂದು ಕೇಳಬಹುದು. ನೋಡುವವನಾಗಿ ಅವನಿಗೆ ಅದು ಬೇಕಿಲ್ಲದಿರಬಹುದು, ಆದರೆ ಬರೆಯುವವರಿಗೆ ಅವನು ಬೇಕು. ಸಂಭಾಷಣೆಯ ಕರಡನ್ನು ಧ್ವನಿಮುದ್ರಣಕ್ಕೆ ಮೊದಲು ಅಂತಹ ಒಬ್ಬನು ಒಮ್ಮೆ ಕೇಳಿದರೆ, ಪಟ್ಟಿ ಎಲ್ಲಿ ಬೊಗಳುತ್ತದೆ, ಮೂಲೆ ಎಲ್ಲಿ ಮೂಲವಾಗುತ್ತದೆ, ನರಿ ಎಲ್ಲಿ ಹುಲಿಯಾಗುತ್ತದೆ ಎಂಬುದನ್ನು ಅವನು ಅಲ್ಲಿಯೇ ಹೇಳಬಲ್ಲ. ಹನ್ನೆರಡು ಬೀದಿಯನ್ನೂ ಬತ್ತೇರಿಯನ್ನೂ ಒಂದೇ ಊರೆಂದು ತಿಳಿದವನ ಕಿವಿ ಅದು.